ಅಪ್ಪುವಿನ ಸೌದಿ ಲೆಕ್ಕ

ಈ ಸಲ ಅಡುಗೆ ಇಲ್ಲ, ಹಪ್ಪಳ ಸಂಡಿಗೆಯೂ ಇಲ್ಲ. ಈ ಸಲ ಲೆಕ್ಕ ಬರೀತೆ, ಬೇಜಾರು ಮಾಡ್ಕಂಬೇಡಿ. ನಮ್ಮ ಪೈಕಿ ಮನೆಗೊಬ್ಬರಾದರೂ ಗಲ್ಫಿಗೆ ಹೋದವರು, ಇಲ್ಲದಿದ್ದರೆ ಹೋಗಬೇಕು ಅಂತ ಕೂತವರು ಇದ್ದೇ ಇದ್ದಾರೆ. ಅವರ ಅಬ್ಬಿಗೋ ಹೆಂಡತಿಗೋ ಇದು ಉಪಯೋಗ ಆಗಬಹುದು ಅಂತ ಬರೆದೆ.

ಆದದ್ದು ಇಷ್ಟು. ಹೋದ ವರ್ಷ ಮಳೆಗಾಲ ಮುಗೀತಾ ಬಂದ ಹೊತ್ತಿಗೆ ಒಂದು ದಿನ ಮಧ್ಯಾಹ್ನ ನನ್ನ ತಂಗಿ ಬಂದಳು. ಉಂಡು ಕೈ ತೊಳೆದವಳು ಸೆರಗಿನ ಒಳಗಿಂದ ಒಂದು ಕರ್ಚೀಫಿನ ಗಂಟು ತೆಗೆದು ನನ್ನ ಎದುರಿಗಿಟ್ಟಳು. ಬಿಚ್ಚಿ ಕಂಡರೆ ಅವಳ ನಾಲ್ಕು ಬಳೆ, ಮತ್ತೆ ಅತ್ತೆ ಕೊಟ್ಟ ಎರಡೆಳೆ ಸರ.

"ಅಕ್ಕಾ, ನಾಳೆ ಸೊಸೈಟಿಗೆ ಹೋಯ್ಕ್, ನೀನೂ ಒಟ್ಟಿಗೆ ಬಾ. ಅಪ್ಪುಗೆ ಸೌದಿ ವೀಸಾ ಬಂದಿತ್ತ್ ಅಂಬ್ರ್. ಒಂದ್ ಲಕ್ಷದ ಮೂವತ್ತ್ ಸಾವಿರ ಕೊಡ್ಕ್ ಅಂಬ್ರ್."

ಅಪ್ಪು ಅವಳ ದೊಡ್ಡ ಮಗ. ಇಪ್ಪತ್ತಾರು ವರ್ಷ. ಅದು ಮನೇಲಿ ಕರೆಯುವ ಹೆಸರು, ಪೂರ್ತಿ ಹೆಸರು ಇಲ್ಲಿ ಬೇಡ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯ್ತು, ಮತ್ತೆ ಕಟ್ಟಲಿಲ್ಲ. ನಮ್ಮ ಕುಂದಾಪುರದ ಬದಿಯ ಮಾಣಿಯರು ಮಾಡುವ ಹಾಗೆ ಬೆಂಗಳೂರಿಗೆ ಹೋಗಿ ಹೋಟೆಲು ಸೇರಿದ. ಲೋಟ ತೊಳೆಯುವುದರಿಂದ ಶುರು ಮಾಡಿದವನು ಈಗ ಅಡುಗೆಮನೆಯಲ್ಲಿ ದೋಸೆ ಕಾವಲಿ, ಸಾಂಬಾರು ಎರಡನ್ನೂ ಒಬ್ಬನೇ ಸುಧಾರಿಸ್ತಾನೆ. ಊಟ, ರೂಮು ಹೋಟೆಲಿನದ್ದು, ಸಂಬಳ ಹದಿನೆಂಟು ಸಾವಿರ. ಅದರಲ್ಲಿ ಹದಿನೈದು ಮನೆಗೆ ಕಳಿಸ್ತಾನೆ.

ನಾನು ಬಳೆ ಮುಟ್ಟಲಿಲ್ಲ. ಮುಟ್ಟುವುದಕ್ಕೆ ಮನಸ್ಸು ಬರಲಿಲ್ಲ ಅಂದರೇ ಸರಿ. ಯಾಕೆ ಅಂತ ಮೊದಲು ಹೇಳಬೇಕು.

1996ರಲ್ಲಿ ನಮ್ಮನೆಯವರು ಸೌದಿಗೆ ಹೋದರು. ನಮಗೆ ಮದುವೆಯಾಗಿ ಮೂರು ವರ್ಷ, ಮಗಳಿಗೆ ಎಂಟು ತಿಂಗಳು. ಬೊಂಬಾಯಿಯ ಒಬ್ಬ ಏಜೆಂಟನಿಗೆ ಐವತ್ತೈದು ಸಾವಿರ ಕೊಟ್ಟಿದ್ದು. ನನ್ನ ಬಂಗಾರ ಅಡವು ಇಟ್ಟು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಇವರಿಗೆ ಸಂಬಳ 700 ರಿಯಾಲು. ತಿಂಗಳಿಗೆ ನಾಲ್ಕೂವರೆ ಸಾವಿರ ಕಳಿಸ್ತಿದ್ದರು. ಒಂದೂವರೆ ಸಾವಿರ ಮನೆಗೆ, ಮೂರು ಸಾವಿರ ಸಾಲಕ್ಕೆ. ನನಗೆ ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಇತ್ತು, ಹಾಗಾಗಿ ಒಂದು ನೋಟುಬುಕ್ಕಿನಲ್ಲಿ ಬರೆದಿಡ್ತಿದ್ದೆ. ಆ ಪುಸ್ತಕ ಈಗಲೂ ಕಪಾಟಿನಲ್ಲಿದೆ. ಸರ ಬಿಡಿಸಿಕೊಂಡು ಬಂದದ್ದು ಇಪ್ಪತ್ತಮೂರನೇ ತಿಂಗಳು. ಇಪ್ಪತ್ತನಾಲ್ಕನೇ ತಿಂಗಳಿಗೆ ಇವರ ಕರಾರು ಮುಗಿದು ಊರಿಗೆ ಬಂದರು. ಮಗಳು ಇವರನ್ನು ಕಂಡು ಹೆದರಿ ನನ್ನ ಸೀರೆ ಹಿಂದೆ ಅಡಗಿ ಕೂತಳು.

ಎಲ್ಲರೂ "ಸೌದಿಯಿಂದ ಬಂದ್ರ್, ದುಡ್ಡ್ ಮಾಡ್ಕಂಡ್ ಬಂದ್ರ್" ಅಂದರು. ಮಾಡಿದ್ದು ಒಂದು ತಿಂಗಳಿನ ದುಡ್ಡು.

ಹಾಗಾಗಿ ತಂಗಿಗೆ ಅಂದೆ, "ಬಳೆ ಕೈಗೆ ಹಾಕ್ಕೋ. ಸೊಸೈಟಿ ಎಲ್ಲೂ ಓಡಿ ಹೋತಿಲ್ಲ. ಮಾಣಿ ಊರಿಗೆ ಬಪ್ಪುಕೆ ಹೇಳ್. ಮೊದ್ಲು ಕೂತ್ ಲೆಕ್ಕ ಮಾಡುವ."

ಅವಳಿಗೆ ಸಿಟ್ಟು ಬಂತು. "ನಿಮ್ಗೆ ಆದ ಕಾಲ ಬೇರೆ, ಈಗಿನ ಕಾಲ ಬೇರೆ ಅಕ್ಕಾ" ಅಂದಳು. ಬಳೆ ಹಾಕ್ಕಂಡಳು, ಆದರೆ ಕಾಪಿ ಕುಡೀದೇ ಹೋದಳು.

ಶನಿವಾರ ರಾತ್ರಿ ಬಸ್ಸಿಗೆ ಅಪ್ಪು ಬಂದ. ಭಾನುವಾರ ಬೆಳಿಗ್ಗೆ ನಮ್ಮ ಚಾವಡಿಯಲ್ಲಿ ಅವನು, ತಂಗಿ, ನಾನು, ನಮ್ಮನೆಯವರು ಕೂತೆವು. ನಾನು ಹೊಸ ನೋಟುಬುಕ್ಕು ತಂದೆ.

ಮೊದಲು ಸಂಬಳ. ಊರಿನಲ್ಲಿ ಮಧ್ಯೆ ನಿಂತವರೊಬ್ಬರು ಹೇಳಿದ್ದು 1,800 ರಿಯಾಲು ಅಂತ. "ಕಾಗದ ಎಲ್ಲಿತ್ತ್?" ಅಂತ ಕೇಂಡೆ. ಮೊಬೈಲಿನಲ್ಲಿ ಆಫರ್ ಲೆಟರಿನ ಫೋಟೋ ಇತ್ತು. ನಮ್ಮನೆಯವರು ಕನ್ನಡಕ ಹಾಕಿ ಓದಿದರು. ದಮ್ಮಾಮಿನ ಒಂದು ಕೇಟರಿಂಗ್ ಕಂಪನಿ, ಕೆಲಸ ಅಸಿಸ್ಟೆಂಟ್ ಕುಕ್, ಎರಡು ವರ್ಷ, ಸಂಬಳ 1,400. ಊಟ, ರೂಮು ಕಂಪನಿಯದ್ದು. 1,800 ಅಂತ ಎಲ್ಲೂ ಇಲ್ಲ. ಓವರ್‌ಟೈಮ್ ಸೇರಿದರೆ ಅಷ್ಟಾಗ್ತದೆ ಅಂತ ಅವರ ಅಂದಾಜು. "ಓವರ್‌ಟೈಮ್ ಸಿಕ್ರೆ ಸಿಕ್ತ್, ಇಲ್ದಿರೆ ಇಲ್ಲೆ. ಬರ್ದದ್ದ್ ಮಾತ್ರ ಹಿಡಿ" ಅಂದರು ಇವರು. ಹಾಗಾಗಿ 1,400 ಹಿಡಿದೆವು.

ಒಂದು ರಿಯಾಲಿಗೆ 22 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡೆವು. 1,400 ಅಂದರೆ 30,800. ತಂಗಿಯ ಮುಖ ಅರಳಿತು. "ಕಾಣ್ ಅಕ್ಕಾ, ತಿಂಗ್ಳಿಗೆ ಮೂವತ್ತ್ ಸಾವಿರ!"

ಇಲ್ಲೇ ನಾವು ಹೆಂಗಸರು ಎಡವುವುದು. ನಾನೂ ಎಡವಿದವಳೇ. ಆ ಮೂವತ್ತು ಸಾವಿರ ಅಪ್ಪುವಿನ ಲಾಭ ಅಲ್ಲ. ಅವನು ಬೆಂಗಳೂರಿನಲ್ಲೇ ಇದ್ದರೂ ಮನೆಗೆ ಹದಿನೈದು ಸಾವಿರ ಬರ್ತಾ ಇತ್ತಲ್ಲ. ಅಲ್ಲಿಗೆ ಹೋದ ಮೇಲೂ ಮೊಬೈಲು, ಸಾಬೂನು, ಕ್ಷೌರ, ದುಡ್ಡು ಕಳಿಸುವ ಚಾರ್ಜು ಅಂತ 200 ರಿಯಾಲು ಹೋಗಿಯೇ ಹೋಗ್ತದೆ. ಉಳಿಯುವ 1,200 ರಿಯಾಲು ಅಂದರೆ 26,400 ರೂಪಾಯಿ. ಅದರಲ್ಲಿ ಈಗಿನ ಹದಿನೈದು ಸಾವಿರ ಕಳೆದರೆ 11,400. ಪರದೇಶಕ್ಕೆ ಹೋಗುವುದರಿಂದ ಹೆಚ್ಚಿಗೆ ಸಿಗುವುದು ತಿಂಗಳಿಗೆ ಇಷ್ಟೇ. ಸಾಲ ತೀರಿಸುವುದು ಈ 11,400ರಲ್ಲಿ, ಮೂವತ್ತು ಸಾವಿರದಲ್ಲಿ ಅಲ್ಲ. ಮನೆಗೆ ಹದಿನೈದು ಸಾವಿರ ಹೇಗೂ ಬೇಕು, ಅಕ್ಕಿ ಬೇಳೆ ನಿಲ್ಲುವುದಿಲ್ಲ.

ಅದನ್ನು ಪುಟದ ಮೇಲೆ ದೊಡ್ಡದಾಗಿ ಬರೆದೆ. ಆಮೇಲೆ ಖರ್ಚು.

ಏಜೆಂಟಿಗೆ 1,30,000. ಪಾಸ್‌ಪೋರ್ಟು ಅಪ್ಪುವಿನದ್ದು ಆಗಿರಲಿಲ್ಲ, ಅದಕ್ಕೆ ಸರಕಾರಿ ಫೀಸು 1,500. ಮೆಡಿಕಲ್ ಬೇರೆಯೇ ಕೊಡಬೇಕು ಅಂತ ಹೇಳಿದ್ದರು, ಬುಕಿಂಗು, ಸೆಂಟರಿನ ಫೀಸು, ಹೋಗಿ ಬರುವ ಖರ್ಚು ಸೇರಿ 8,000 ಹಿಡಿದೆವು. ಇಂಟರ್‌ವ್ಯೂಗೆ ಒಂದು ಸಲ, ಪಾಸ್‌ಪೋರ್ಟು ಕೊಡಲಿಕ್ಕೆ ಒಂದು ಸಲ ಮತ್ಸ್ಯಗಂಧಾ ರೈಲು ಹತ್ತಿ ಮುಂಬಯಿಗೆ ಹೋಗಬೇಕು. ಅಲ್ಲಿ ಉಳಿಯುವುದು, ತಿಂಬುದು ಸೇರಿ 6,000. ಪೆಟ್ಟಿಗೆ, ಬಟ್ಟೆ, ಬೂಟು, ಊರಿನವರಿಗೆ ಹೇಳಿ ಹೋಗುವ ಖರ್ಚು 8,000. ಇಷ್ಟಕ್ಕೆ 1,53,500 ಆಯ್ತು.

"ಮುಗೀತಲ್ಲ ದೊಡ್ಡಮ್ಮ?" ಅಂದ ಅಪ್ಪು.

"ಹೋಟೆಲಿನ ಕೆಲಸ ಎಂತ ಮಾಡಿದ್ದೆ?"

ಅವನು ತಲೆ ತಗ್ಗಿಸಿದ. ಈ ತಿಂಗಳೇ ಬಿಡು, ಯಾವ ಹೊತ್ತಿಗೆ ಕರೆ ಬರ್ತದೋ ಹೇಳ್ಲಿಕ್ಕಾಗ, ತಯಾರಿರ್ಕ್ ಅಂತ ಮಧ್ಯಸ್ಥರು ಹೇಳಿದ್ದರಂತೆ. ಪಾಸ್‌ಪೋರ್ಟು, ಮೆಡಿಕಲ್, ವೀಸಾ ಸ್ಟಾಂಪಿಂಗ್, ಟಿಕೆಟು ಎಲ್ಲ ಆಗಲಿಕ್ಕೆ ಎಷ್ಟು ಸಮಯ ಅಂತ ಕೇಳಿದರೆ ಮೂರು ತಿಂಗಳು ಅಂದ. ಮೂರು ತಿಂಗಳು ಮನೆಯಲ್ಲಿ ಕೂತರೆ ಹದಿನೈದು ಮೂರಲಿ ನಲವತ್ತೈದು ಸಾವಿರ ಬರುವುದಿಲ್ಲ. ಕೈಯಿಂದ ಕೊಡುವ ದುಡ್ಡಲ್ಲವಾದ್ದರಿಂದ ಇದನ್ನು ಯಾರೂ ಖರ್ಚು ಅಂತ ಬರೆಯುವುದಿಲ್ಲ. ಆದರೆ ಮನೆಯ ಡಬ್ಬ ಖಾಲಿಯಾದಾಗ ಅದು ಖರ್ಚೇ ಹೌದು ಅಂತ ಗೊತ್ತಾಗ್ತದೆ. ಅದನ್ನೂ ಸೇರಿಸಿದೆ. 1,98,500.

ಇನ್ನು ಬಡ್ಡಿ. ಒಂದು ಲಕ್ಷದ ಮೂವತ್ತು ಸಾವಿರಕ್ಕೆ ಬಂಗಾರದ ಸಾಲ, ವರ್ಷಕ್ಕೆ ನೂರಕ್ಕೆ ಹನ್ನೆರಡು ಅಂತ ಹಿಡಿದರೆ ತಿಂಗಳಿಗೆ 1,300. ಹದಿನೆಂಟು ತಿಂಗಳಿಗೆ 23,400.

ಎರಡು ವರ್ಷದಲ್ಲಿ ಹೆಚ್ಚಿಗೆ ಸಿಗುವುದು 11,400ನ್ನು 24ರಿಂದ ಗುಣಿಸಿದರೆ 2,73,600. ಖರ್ಚು, ಬಡ್ಡಿ ಕಳೆದರೆ ಉಳಿದದ್ದು 51,700. ಮೊದಲ ಒಂದೂವರೆ ವರ್ಷ ದುಡಿದದ್ದು ಪೂರ್ತಿ ಹೋದದ್ದನ್ನು ತುಂಬಲಿಕ್ಕೇ ಸರಿ.

ನಾನು ಪೆನ್ನು ಕೆಳಗಿಟ್ಟೆ. ಯಾರೂ ಮಾತಾಡಲಿಲ್ಲ. ನಮ್ಮನೆಯವರು ಎದ್ದು ಒಳಗೆ ಹೋಗಿ ಕಪಾಟಿನಿಂದ ಹಳೆ ಪುಸ್ತಕ ತಂದು ಹೊಸದರ ಪಕ್ಕ ಇಟ್ಟರು. ಇಪ್ಪತ್ತಮೂರನೇ ತಿಂಗಳಿನ ಪುಟ ತೆಗೆದು ಅಪ್ಪುವಿಗೆ ತೋರಿಸಿದರು. "ನಾನ್ ಹೋಪತಿಗೆ ಹೀಂಗೆ ಕೂತ್ ಲೆಕ್ಕ ಮಾಡುವವ್ರ್ ಯಾರೂ ಇರ್ಲಿಲ್ಲೆ ಮಾಣಿ" ಅಂದರು. ಇಷ್ಟು ವರ್ಷದಲ್ಲಿ ಆ ಎರಡು ವರ್ಷದ ಬಗ್ಗೆ ಅವರು ಹೇಳಿದ್ದು ಅಷ್ಟೇ.

ತಂಗಿ ಕಣ್ಣೊರೆಸಿಕೊಂಡಳು. "ಹಂಗಾರೆ ಹೋಪುದೇ ಬ್ಯಾಡ್ದಾ?"

ಹೋಗುವುದು ಬೇಡ ಅಂತ ನಾನು ಹೇಳಲಿಲ್ಲ. ಆ ಪಟ್ಟಿಯಲ್ಲಿ ಯಾವುದು ನಾವು ಕೊಡಬೇಕಾದದ್ದು, ಯಾವುದು ಕೊಡಬೇಕಾಗಿಲ್ಲದ್ದು ಅಂತ ಬಿಡಿಸಿ ಕಾಣಬೇಕು ಅಂದೆ. ಹೆಸರುಬೇಳೆಯಲ್ಲಿ ಕಲ್ಲು ಹೆಕ್ಕಿದ ಹಾಗೆ. ನನ್ನ ಮಗಳು ಈಗ ಬೆಂಗಳೂರಿನಲ್ಲಿ ಆಫೀಸು ಕೆಲಸ ಮಾಡ್ತಾಳೆ, ಅವಳಿಗೆ ಫೋನು ಮಾಡಿದೆವು. ಅವಳು ಕಾನೂನು ಹುಡುಕಿ ಓದಿ ಹೇಳಿದ್ದನ್ನು ನಾನು ಬರೆದುಕೊಂಡೆ.

ನಮ್ಮ ದೇಶದ ಎಮಿಗ್ರೇಶನ್ ಕಾನೂನು 1983ರದ್ದು. ಅದರ ನಿಯಮದ ಪ್ರಕಾರ ಸರಕಾರದಲ್ಲಿ ನೋಂದಣಿಯಾದ ಏಜೆಂಟರು ಮಾತ್ರ ಜನ ಕಳಿಸಬಹುದು. ಅವರು ಕೆಲಸಕ್ಕೆ ಹೋಗುವವನಿಂದ ಸರ್ವಿಸ್ ಚಾರ್ಜು ಅಂತ ತೆಗೊಳ್ಳಬಹುದಾದದ್ದು ಹೆಚ್ಚೆಂದರೆ 30,000, ಅದರ ಮೇಲೆ ಶೇಕಡ 18 ಜಿಎಸ್‌ಟಿ. ಒಟ್ಟು 35,400. ಅದಕ್ಕೆ ರಶೀದಿ ಕೊಡಬೇಕು. ಅಪ್ಪುವಿಗೆ ಹೇಳಿದ್ದು ಎಷ್ಟು? ಒಂದು ಲಕ್ಷದ ಮೂವತ್ತು ಸಾವಿರ, ಅದೂ ನಗದು, ರಶೀದಿ ಇಲ್ಲ.

ಅದಕ್ಕೆ ಅವರು ಕೊಟ್ಟ ಕಾರಣ "ವೀಸಾದ ಖರ್ಚು ಇತ್ತಲ್ಲ, ಟಿಕೆಟ್ ಇತ್ತಲ್ಲ" ಅಂತ. ಸೌದಿಯ ಕಾರ್ಮಿಕ ಕಾನೂನಿನ 40ನೇ ಕಲಮಿನಲ್ಲಿ ಹೊರದೇಶದಿಂದ ಕೆಲಸಗಾರನನ್ನು ಕರೆಸಿಕೊಳ್ಳುವ ಖರ್ಚು, ಅಲ್ಲಿ ಇರಲಿಕ್ಕೆ ಬೇಕಾದ ಇಕಾಮಾ, ವರ್ಕ್ ಪರ್ಮಿಟ್ಟು, ಅದರ ನವೀಕರಣ, ಕೆಲಸ ಮುಗಿದ ಮೇಲೆ ಊರಿಗೆ ವಾಪಸು ಟಿಕೆಟು ಎಲ್ಲ ಕೆಲಸ ಕೊಡುವವನದ್ದು ಅಂತ ಇದೆ. ಇಕಾಮಾ ಅಂದರೆ ಅಲ್ಲಿನ ವಾಸದ ಪರವಾನಗಿ, ನಮ್ಮ ಆಧಾರ್ ಕಾರ್ಡಿನ ಹಾಗೆ ಅಲ್ಲಿ ಎಲ್ಲದಕ್ಕೂ ಬೇಕು. ಅಂದರೆ ಕಂಪನಿಯವರು ಕೊಡುವ ಖರ್ಚನ್ನೇ ಇಲ್ಲಿ ನಮ್ಮ ಕೈಯಿಂದ ಎರಡನೇ ಸಲ ತೆಗೆಯುತ್ತಾರೆ.

ಒಂದು ಮಾತು ಇಲ್ಲಿ ಸರಿಯಾಗಿ ಹೇಳಬೇಕು. ವಾಪಸು ಟಿಕೆಟು ಕಂಪನಿಯದ್ದು ಅಂದರೂ, ಅವನಾಗಿಯೇ ಸರಿಯಾದ ಕಾರಣ ಇಲ್ಲದೆ ಅರ್ಧದಲ್ಲಿ ಬಿಟ್ಟು ಬರ್ತೆ ಅಂದರೆ ಟಿಕೆಟು ಅವನದ್ದೇ. ಹಾಗಾಗಿ ಒಂದು ಟಿಕೆಟಿನ ದುಡ್ಡು ಮನೆಯಲ್ಲಿ ಯಾವತ್ತೂ ಮುಟ್ಟದೆ ಇಟ್ಟಿರಬೇಕು. ಮನೆಯಲ್ಲಿ ಏನಾದರೂ ಆದರೆ ಮಾಣಿ ಬರಲಿಕ್ಕೆ ಅದೇ ದಾರಿ.

ಮತ್ತೊಂದು ಸಾಲು ನನ್ನ ಕಣ್ಣಿಗೆ ಬಿತ್ತು. ಆ 1,30,000ದ ಒಳಗೆ ಏನೇನಿದೆ ಅಂತ ಅವರು ವಾಟ್ಸಾಪಿನಲ್ಲಿ ಕಳಿಸಿದ್ದರಲ್ಲಿ "ಪಿಸಿಸಿ 2,500" ಅಂತ ಇತ್ತು. ಪಿಸಿಸಿ ಅಂದರೆ ಇವನ ಮೇಲೆ ಪೊಲೀಸ್ ಕೇಸಿಲ್ಲ ಅಂತ ಪಾಸ್‌ಪೋರ್ಟ್ ಆಫೀಸಿನವರು ಕೊಡುವ ಕಾಗದ. ಅದರ ಸರಕಾರಿ ಫೀಸು 500. ಅದಕ್ಕಿಂತ ಹೆಚ್ಚಾಗಿ, ಭಾರತದವರು ಸೌದಿ ವೀಸಾಕ್ಕೆ ಪಿಸಿಸಿ ಕೊಡಬೇಕಾಗಿಲ್ಲ ಅಂತ 2022ರ ನವೆಂಬರಿನಲ್ಲೇ ಸೌದಿ ರಾಯಭಾರ ಕಚೇರಿ ಹೇಳಿದೆ. ಬೇಡದ ಕಾಗದಕ್ಕೆ ಐದು ಪಟ್ಟು ರೇಟು. ಒಟ್ಟು ಮೊತ್ತ ಮಾತ್ರ ಕೇಳಬೇಡಿ, ಒಂದೊಂದನ್ನೂ ಬಿಡಿಸಿ ಬರೆಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಬಿಡಿಸಿದಾಗ ಬಣ್ಣ ಗೊತ್ತಾಗ್ತದೆ.

ಅಪ್ಪು ಹತ್ತನೇ ಪಾಸಾಗಿಲ್ಲವಲ್ಲ, ಅಂಥವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಮುದ್ರೆ ಬರ್ತದೆ. ಸೌದಿಯಂಥ ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಅವರು ಸರಕಾರದ ಒಪ್ಪಿಗೆ ಪಡೀಬೇಕು. ಏಜೆಂಟರು ಅದನ್ನು emigrate.gov.in ಅನ್ನುವ ಸರಕಾರಿ ಜಾಲತಾಣದಲ್ಲಿ ಹಾಕ್ತಾರೆ. ಅದರ ಫೀಸು ಬರೀ 200 ರೂಪಾಯಿ. ಜೊತೆಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆ ಅಂತ ವಿಮೆ ಮಾಡಿಸಲೇಬೇಕು, ಎರಡು ವರ್ಷಕ್ಕೆ 275 ರೂಪಾಯಿ, ಜೀವಕ್ಕೆ ಅಪಾಯ ಆದರೆ 10 ಲಕ್ಷದವರೆಗೆ ಪರಿಹಾರ. ನನಗೆ ಓದುವಾಗ ನಂಬಿಕೆಯೇ ಬರಲಿಲ್ಲ. ಒಂದು ಕಿಲೋ ಕಾಪಿಪುಡಿ ಬರದ ದುಡ್ಡಿಗೆ ಎರಡು ವರ್ಷದ ವಿಮೆ.

ಆ ಮಧ್ಯಸ್ಥರು ಹೇಳಿದ್ದು ಏನು ಗೊತ್ತಾ? "ಅದೆಲ್ಲ ತಲೆಬಿಸಿ, ತಡ ಆತ್ತ್. ವಿಸಿಟ್ ವೀಸಾದಗೆ ಹೋಯ್ಲಿ, ಅಲ್ಲ್ ಹೋದ್ಮೇಲೆ ಬದ್ಲ್ ಮಾಡುವ." ಇದನ್ನು ಕೇಳಿದಾಗ ನಮ್ಮನೆಯವರು ಜೋರಾಗಿ "ಬ್ಯಾಡ" ಅಂದರು. ವಿಸಿಟ್ ವೀಸಾ ಅಂದರೆ ನೆಂಟರಾಗಿ ಹೋದ ಹಾಗೆ, ಅದರಲ್ಲಿ ಕೆಲಸ ಮಾಡುವುದು ಅಲ್ಲಿ ತಪ್ಪು. ಇಕಾಮಾ ಇಲ್ಲ, ಕರಾರು ಇಲ್ಲ, ನಮ್ಮ ಸರಕಾರದ ಪಟ್ಟಿಯಲ್ಲಿ ಹೆಸರಿಲ್ಲ, ಆ 275ರ ವಿಮೆಯೂ ಇಲ್ಲ. ಸಂಬಳ ಕೊಡದಿದ್ದರೆ ದೂರು ಕೊಡಲಿಕ್ಕೆ ಹೋದವನೇ ಸಿಕ್ಕಿಬೀಳ್ತಾನೆ. ಕೆಲಸಕ್ಕೆ ಅಂತ ಹೋಗುವವರಿಗೆ ಯಾರಾದರೂ ವಿಸಿಟ್ ವೀಸಾ ಅಂತ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಈಗ ಮೆಡಿಕಲ್ ವಿಷಯ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳ್ತೆ. ಇದರಲ್ಲಿ ದುಡ್ಡಿಗಿಂತ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯ.

ಗಲ್ಫ್ ದೇಶಗಳ ಮೆಡಿಕಲ್‌ಗೆ ಮೊದಲು ಗಾಮ್ಕಾ ಅಂತಿದ್ದರು, ಈಗ ವಾಫಿದ್ ಅಂತ ಹೆಸರು. ಅವರ ಜಾಲತಾಣದಲ್ಲಿ ದುಡ್ಡು ಕಟ್ಟಿ ಬುಕ್ ಮಾಡಿದ ಮೇಲೆ, ಅವರ ಪಟ್ಟಿಯಲ್ಲಿರುವ ಸೆಂಟರಿಗೇ ಹೋಗಬೇಕು, ನಮ್ಮ ಡಾಕ್ಟರ ಚೀಟಿ ನಡೆಯುವುದಿಲ್ಲ. ಎದೆಯ ಎಕ್ಸ್‌ರೇ, ರಕ್ತ, ಮೂತ್ರ ಎಲ್ಲ ಕಾಣ್ತಾರೆ. ಮುಖ್ಯವಾಗಿ ಹುಡುಕುವುದು ಕ್ಷಯ, ಹೆಪಟೈಟಿಸ್ ಬಿ, ಸಿ ಅಂತ ಎರಡು ಬಗೆಯ ಕಾಮಾಲೆ, ಎಚ್‌ಐವಿ. ಯಾವಾಗಲೋ ಕ್ಷಯ ಬಂದು ಮದ್ದು ಮಾಡಿ ಪೂರಾ ಗುಣವಾಗಿದ್ದರೂ ಶ್ವಾಸಕೋಶದಲ್ಲಿ ಹಳೆ ಕಲೆ ಕಂಡರೆ "ಅನ್‌ಫಿಟ್" ಅಂತ ಬರೆಯುತ್ತಾರೆ. ಆ ಫಲಿತಾಂಶ ಪಾಸ್‌ಪೋರ್ಟ್ ನಂಬರಿನ ಮೇಲೆ ಕಂಪ್ಯೂಟರಿನಲ್ಲಿ ಕೂತುಬಿಡ್ತದೆ. ಕಟ್ಟಿದ ಫೀಸು ವಾಪಸಿಲ್ಲ.

ನಮ್ಮ ಕೇರಿಯಲ್ಲೇ ಒಬ್ಬ ಹುಡುಗನಿಗೆ ಹಾಗಾಗಿದೆ. ಏಜೆಂಟಿಗೆ ಮೊದಲೇ ಅರವತ್ತು ಸಾವಿರ ಕೊಟ್ಟ, ಗ್ಯಾರೇಜಿನ ಕೆಲಸ ಬಿಟ್ಟ, ಆಮೇಲೆ ಮೆಡಿಕಲ್‌ಗೆ ಹೋದ. ಹಳೆ ಕಲೆ. ಅವನಿಗೆ ಚಿಕ್ಕಂದಿನಲ್ಲಿ ಏನಾಗಿತ್ತು ಅಂತ ಅವನಿಗೇ ನೆನಪಿಲ್ಲ. ಏಜೆಂಟು ಹತ್ತು ಸಾವಿರ ವಾಪಸು ಕೊಟ್ಟು ಫೋನ್ ನಂಬರು ಬದಲಿಸಿದ. ಗ್ಯಾರೇಜಿನಲ್ಲಿ ಅಷ್ಟೊತ್ತಿಗೆ ಬೇರೆಯವನು ಸೇರಿದ್ದ.

ಹಾಗಾಗಿ ಅಪ್ಪುವಿಗೆ ನಾನು ಮಾಡಿಸಿದ ಮೊದಲ ಕೆಲಸ ಅಂದರೆ ಸೋಮವಾರ ಬೆಳಿಗ್ಗೆಯೇ ಪೇಟೆಗೆ ಕರ್ಕೊಂಡು ಹೋಗಿ ಸಾದಾ ಎದೆಯ ಎಕ್ಸ್‌ರೇ, ಹೆಪಟೈಟಿಸ್ ರಕ್ತಪರೀಕ್ಷೆ, ಸಕ್ಕರೆ ಪರೀಕ್ಷೆ ಮಾಡಿಸಿದ್ದು. ಸಾವಿರದ ಚಿಲ್ಲರೆ ಆಯ್ತು. ಅವನಿಗೆ ಒಂಬತ್ತನೇ ಕ್ಲಾಸಿನಲ್ಲಿ ಒಂದೂವರೆ ತಿಂಗಳು ಕೆಮ್ಮು ಇದ್ದದ್ದು ನನಗೂ ತಂಗಿಗೂ ನೆನಪಿತ್ತು. ಎಕ್ಸ್‌ರೇ ಬರುವವರೆಗೆ ತಂಗಿ ಲ್ಯಾಬಿನ ಬೆಂಚಿನಲ್ಲಿ ಮಾತಿಲ್ಲದೆ ಕೂತಿದ್ದಳು. ಡಾಕ್ಟರು ಬೆಳಕಿಗೆ ಹಿಡಿದು ಕಂಡು ಏನೂ ಇಲ್ಲ ಅಂದರು. ನಮ್ಮ ಡಾಕ್ಟರು ಹೇಳಿದ್ದು ಅಲ್ಲಿ ಲೆಕ್ಕಕ್ಕಿಲ್ಲ, ಅವರು ಬೇರೆಯೇ ಹೇಳಬಹುದು, ನಿಜ. ಆದರೆ ಇಲ್ಲೇ ಕಲೆ ಕಂಡಿದ್ದರೆ ಸಾವಿರ ರೂಪಾಯಿಯಲ್ಲಿ ಮುಗೀತಿತ್ತು, ಅರವತ್ತು ಸಾವಿರ ಉಳೀತಿತ್ತು. "ಇಲ್ಲ" ಅಂತ ಉತ್ತರ ಬರಬಹುದಾದ ಕೆಲಸವನ್ನು ಮೊದಲು ಮಾಡಿ, ದೊಡ್ಡ ದುಡ್ಡು ಕೊಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಇದು ನಾನು ಕಂಡುಕೊಂಡದ್ದು.

ಮೆಡಿಕಲ್‌ಗೆ ಇನ್ನೊಂದು ಬಾಧೆ ಇದೆ. ಆ ವರದಿಗೆ ಅವಧಿ ಇರ್ತದೆ, ಅದರ ಮೇಲೇ ತಾರೀಕು ಬರೆದಿರ್ತದೆ. ಅಷ್ಟರೊಳಗೆ ವೀಸಾ ಆಗದಿದ್ದರೆ ಮತ್ತೆ ದುಡ್ಡು ಕಟ್ಟಿ ಮಾಡಿಸಬೇಕು. ಹಾಗಾಗಿ ಸ್ವಂತ ಸಮಾಧಾನದ ಎಕ್ಸ್‌ರೇ ಬೇಗ ಮಾಡಿಸಿ, ವಾಫಿದ್ ಮೆಡಿಕಲ್ ಮಾತ್ರ ಕಾಗದಪತ್ರ ತಯಾರಾಗಿ ಏಜೆಂಟರು ಹೇಳಿದ ಮೇಲೆಯೇ ಮಾಡಿಸಿ.

ಆಮೇಲೆ ಮಗಳು ಆ ಸರಕಾರಿ ಜಾಲತಾಣದಲ್ಲಿ ಮುಂಬಯಿ ಏಜೆಂಟನ ಹೆಸರು ಹುಡುಕಿದಳು. ಪಟ್ಟಿಯಲ್ಲೇ ಇಲ್ಲ. ಅಪ್ಪು ಮಧ್ಯಸ್ಥರಿಗೆ ಫೋನು ಮಾಡಿ "ನೋಂದಣಿ ನಂಬ್ರ ಕೊಡಿ, ದುಡ್ಡ್ ಬ್ಯಾಂಕಿಗೆ ಹಾಕ್ತೆ, ರಶೀದಿ ಕೊಡಿ" ಅಂದ. ಅವರು "ನಿನ್ನಂಥವ್ರಿಗೆ ಸೌದಿ ಅಲ್ಲ, ದೋಸೆ ಹೊಯ್ಕಂಡೇ ಇರ್" ಅಂತ ಹೇಳಿ ಇಟ್ಟರು. ಅಪ್ಪುವಿಗೆ ಅವಮಾನ ಆಯ್ತು. ನನಗೆ ಉತ್ತರ ಸಿಕ್ಕಿತು.

ಬೆಂಗಳೂರಿನಲ್ಲಿ ನೋಂದಣಿಯಾದ ಒಬ್ಬ ಏಜೆಂಟರನ್ನು ಆ ಪಟ್ಟಿಯಲ್ಲೇ ಹುಡುಕಿ ಅಪ್ಪು ರಜೆಯ ದಿನ ಹೋಗಿ ಬಂದ. ಅದೇ ಥರದ ಅಡುಗೆ ಕೆಲಸ, ಸಂಬಳ ಅಷ್ಟೇ, 1,400, ಟಿಕೆಟು ಕಂಪನಿಯದ್ದು. ಎರಡನೇ ಸಲ ಲೆಕ್ಕ ಹಾಕಿದೆವು. ಸರ್ವಿಸ್ ಚಾರ್ಜು 35,400, ಪಾಸ್‌ಪೋರ್ಟು 1,500, ಮೆಡಿಕಲ್ 8,000, ಓಡಾಟ 2,000, ಎಮಿಗ್ರೇಶನ್ ಮತ್ತು ವಿಮೆ ಸೇರಿ 475, ಪೆಟ್ಟಿಗೆ ಬಟ್ಟೆಗೆ ಕೈ ಬಿಗಿಹಿಡಿದು 5,000. ಹೋಟೆಲು ಈಗಲೇ ಬಿಡುವುದಿಲ್ಲ, ವೀಸಾ ಸ್ಟಾಂಪ್ ಆದ ಮೇಲೆಯೇ ನೋಟೀಸು, ಹಾಗಾಗಿ ಕೆಲಸವಿಲ್ಲದೆ ಕೂರುವುದು ಹೆಚ್ಚೆಂದರೆ ಒಂದು ತಿಂಗಳು, 15,000. ಒಟ್ಟು 67,375. ಆರು ತಿಂಗಳಿನ ಹೆಚ್ಚುವರಿ ದುಡ್ಡಿನಲ್ಲಿ ಇದು ತೀರ್ತದೆ. ಐವತ್ತು ಸಾವಿರ ಸಾಲ ತೆಗೆದರೂ ಆರು ತಿಂಗಳಿಗೆ ಬಡ್ಡಿ ಮೂರು ಸಾವಿರ. ಎರಡು ವರ್ಷ ಮುಗಿಯುವಾಗ ಕೈಯಲ್ಲಿ ಎರಡು ಲಕ್ಷದ ಮೇಲೆ ಉಳೀತದೆ. ಅದೇ ಮಾಣಿ, ಅದೇ ಸಂಬಳ. ಒಂದರಲ್ಲಿ ಐವತ್ತೊಂದು ಸಾವಿರ, ಇನ್ನೊಂದರಲ್ಲಿ ಎರಡು ಲಕ್ಷ.

ಖರ್ಚಿನ ಪಟ್ಟಿಗೆ ಸೇರಿಸದೆ ಬೇರೆಯೇ ಇಟ್ಟದ್ದು ಒಂದಿದೆ, ಕೈಯಲ್ಲಿ ಕೊಟ್ಟು ಕಳಿಸುವ 300 ರಿಯಾಲು. ಮೊದಲ ಸಂಬಳ ಒಂದು ತಿಂಗಳು ದುಡಿದ ಮೇಲೆ, ಒಮ್ಮೊಮ್ಮೆ ಇನ್ನೂ ಹತ್ತು ಹದಿನೈದು ದಿನ ತಡವಾಗಿ. ಅಷ್ಟು ದಿನಕ್ಕೆ ಅವನಿಗೆ ಅಲ್ಲಿ ಬೇಕು, ಇಲ್ಲಿ ಮನೆಗೂ ಎರಡು ತಿಂಗಳಿನ ಸಾಮಾನಿಗೆ ದುಡ್ಡು ಬೇಕು. ಅದು ಕಳೆದುಹೋಗುವ ದುಡ್ಡಲ್ಲ, ಆದರೆ ಹೋಗುವ ದಿನ ಇರಲೇಬೇಕು. ನಾನು 1996ರಲ್ಲಿ ಇದನ್ನು ಯೋಚಿಸದೆ, ಎರಡನೇ ತಿಂಗಳಿಗೆ ಮಗಳ ಹಾಲಿನ ಡಬ್ಬಿಗೆ ಪಕ್ಕದ ಮನೆಯಲ್ಲಿ ಕೈಚಾಚಿದ್ದೆ.

ಇದನ್ನು ಬರೆಯುವ ಹೊತ್ತಿಗೆ ಅಪ್ಪುವಿನ ಪಾಸ್‌ಪೋರ್ಟು ಬಂದಿದೆ, ಮಂಗಳೂರಿನಲ್ಲಿ ವಾಫಿದ್ ಮೆಡಿಕಲ್ ಆಗಿ "ಫಿಟ್" ಅಂತ ಬಂದಿದೆ. ವೀಸಾ ಕಾಯ್ತಾ ಇದ್ದಾನೆ, ಕಾಯುತ್ತಾ ಬೆಂಗಳೂರಿನಲ್ಲಿ ದೋಸೆ ಹೊಯ್ತಾನೇ ಇದ್ದಾನೆ, ಈ ತಿಂಗಳೂ ಹದಿನೈದು ಸಾವಿರ ಬಂತು. ಒಂದು ವೇಳೆ ವೀಸಾ ಬರದಿದ್ದರೂ ಹೋದದ್ದು ಪಾಸ್‌ಪೋರ್ಟಿನ, ಮೆಡಿಕಲ್ಲಿನ ದುಡ್ಡು ಮಾತ್ರ. ಏಜೆಂಟಿನ ಚಾರ್ಜು ಇನ್ನೂ ಕೊಟ್ಟಿಲ್ಲ.

ಯಾರ ಮನೆಯಲ್ಲಾದರೂ ಇಂಥದ್ದೇ ಮಾತು ನಡೀತಿದ್ದರೆ, ಗೊಂದಲ ಇದ್ದರೆ, ಸರಕಾರದ ಸಹಾಯವಾಣಿ 1800 11 3090, ಫೋನಿಗೆ ದುಡ್ಡಿಲ್ಲ. ಇಲ್ಲದಿದ್ದರೆ ನಮ್ಮನೆಗೆ ಬನ್ನಿ, ನೋಟುಬುಕ್ಕಿನಲ್ಲಿ ಇನ್ನೂ ಹಾಳೆ ಇದೆ.

ಮೊನ್ನೆ ದೇವಸ್ಥಾನದಲ್ಲಿ ತಂಗಿ ಸಿಕ್ಕಿದಳು. ಕೈಯಲ್ಲಿ ನಾಲ್ಕು ಬಳೆಯೂ ಇತ್ತು. ನಾನು ಕಂಡೆ ಅಂತ ಅವಳಿಗೂ ಗೊತ್ತಾಯ್ತು. "ಅಕ್ಕಾ, ಅವತ್ತ್ ಕಾಪಿ ಕುಡೀದೆ ಬಂದಿದ್ದೆ ಅಲ್ದಾ, ಇವತ್ ಬತ್ತೆ" ಅಂದಳು.